ಎರಡು ರೂಟರ್, ಎರಡಕ್ಕೂ 192.168.1.1: ಯಾವ ಮನೆಗೆ ಯಾವ ದಾರಿ?

ಶಿವಮೊಗ್ಗದ ಚಿಕ್ಕಪ್ಪನ ಮನೆಯಲ್ಲಿ ಫೈಬರ್ ಡಬ್ಬಿ ಇರುವುದು ಕೆಳಗಿನ ಹಾಲ್‌ನಲ್ಲಿ, ಟಿವಿ ಪಕ್ಕ. ಮಹಡಿಯ ಕೋಣೆಗೆ ಅದರ ವೈಫೈ ಸರಿಯಾಗಿ ಏರುತ್ತಿರಲಿಲ್ಲ. ಚಿಕ್ಕಪ್ಪನ ಮಗಳು ಮನೆಯಿಂದಲೇ ಕೆಲಸ ಮಾಡುವವಳು. ಅವಳೇ ಒಂದು ಹೊಸ ರೂಟರ್ ತಂದು, ಎಲೆಕ್ಟ್ರಿಷಿಯನ್ ಕೈಯಲ್ಲಿ ಕೆಳಗಿನಿಂದ ಕೇಬಲ್ ಎಳೆಸಿ ಜೋಡಿಸಿದಳು. ಹೊಸ ವೈಫೈ ಹೆಸರು ಬಂತು, ಪಾಸ್‌ವರ್ಡ್ ಹಾಕಿದರೆ ಮೊಬೈಲ್ ಸೇರಿಕೊಂಡಿತು, ಸಿಗ್ನಲ್ ಪೂರ್ತಿ ತೋರಿಸಿತು. ನೆಟ್ ಮಾತ್ರ ಇಲ್ಲ. "ಅಣ್ಣಾ, ಅಂಗಡಿಯವರು ಹಾಳಾದ ಪೀಸ್ ಕೊಟ್ಟಿದ್ದಾರೆ, ವಾಪಸ್ ಕೊಡ್ಲಾ?" ಅಂತ ಫೋನ್ ಮಾಡಿದಳು. ವಾಪಸ್ ಕೊಡಬೇಡ, ಎರಡೂ ಡಬ್ಬಿಯನ್ನು ತಿರುಗಿಸಿ ತಳದ ಚೀಟಿ ಓದು ಅಂದೆ. ಎರಡರಲ್ಲೂ ಒಂದೇ ಸಾಲು: 192.168.1.1.

ಕಾರಣ ಅಷ್ಟೇ. ಹೊಸ ರೂಟರ್ ಚೆನ್ನಾಗಿಯೇ ಇತ್ತು. ಇದನ್ನು ಸರಿಮಾಡಲು ಮೂರು ದಾರಿಗಳಿವೆ, ಮೂರೂ ಕೆಲಸ ಮಾಡುತ್ತವೆ. ಆದರೆ ಸರಿಮಾಡಿದ ಮೇಲೆ ಮನೆಯ ನೆಟ್‌ವರ್ಕ್ ಮೂರರಲ್ಲಿ ಮೂರು ಥರ ಇರುತ್ತದೆ. ಪ್ರಿಂಟರ್ ಸಿಗುತ್ತದೋ ಇಲ್ಲವೋ, ಬಾಡಿಗೆಯವರ ಮೊಬೈಲ್‌ಗೆ ನಿಮ್ಮ ಕಂಪ್ಯೂಟರ್ ಕಾಣುತ್ತದೋ ಇಲ್ಲವೋ ಎನ್ನುವುದು ಈ ಆಯ್ಕೆಯ ಮೇಲೆ ನಿಂತಿದೆ. ಆದ್ದರಿಂದ ಮೊದಲು ಸಿಕ್ಕ ವಿಡಿಯೊ ನೋಡಿ ಸೆಟ್ಟಿಂಗ್ ಬದಲಿಸುವ ಮುಂಚೆ ಹತ್ತು ನಿಮಿಷ ಇದನ್ನು ಓದಿ.

ಒಳಗೆ ಏನು ನಡೆಯುತ್ತದೆ

ಮನೆಯೊಳಗಿನ ವಿಳಾಸಗಳಿಗೆಂದು ಮೂರು ಗುಂಪುಗಳನ್ನು 1996ರಲ್ಲೇ ಮೀಸಲಿಟ್ಟಿದ್ದಾರೆ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಶುರುವಾಗುವವು. ಕೊನೆಯ ಗುಂಪೊಂದರಲ್ಲೇ 192.168.0 ಇಂದ 192.168.255 ತನಕ, ಮೊದಲ ಮೂರು ಅಂಕಿ ಒಂದೇ ಆಗಿರುವ ವಿಳಾಸಗಳ 256 ಸಾಲುಗಳಿವೆ. ಆದರೂ ರೂಟರ್ ಮಾಡುವವರು ಬಹುಪಾಲು 192.168.0 ಅಥವಾ 192.168.1 ಅನ್ನೇ ಹಾಕಿ ಕಳಿಸುತ್ತಾರೆ. ಒಂದು ಮನೆಗೆ ಎರಡು ಡಬ್ಬಿ ಬಂದಾಗ ಇವು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಹಾಗಾಗಿಯೇ.

ಡಿಕ್ಕಿ ಎರಡು ಥರ. ಕೆಳಗಿನಿಂದ ಬಂದ ಕೇಬಲ್ ಹೊಸ ರೂಟರ್‌ನ ಯಾವ ಕಿಂಡಿಗೆ ಹೋಗಿದೆ ಎಂಬುದರ ಮೇಲೆ ಇದು ನಿಂತಿದೆ.

ಕೇಬಲ್ `WAN` ಕಿಂಡಿಯಲ್ಲಿದೆ ಅನ್ನಿ, ಸಾಮಾನ್ಯವಾಗಿ ಬಣ್ಣ ಬೇರೆ ಇರುವ ಒಂಟಿ ಕಿಂಡಿ ಅದು. ಕೆಳಗಿನ ಡಬ್ಬಿ ಹೊಸ ರೂಟರ್‌ಗೆ 192.168.1.5 ಎಂಬ ವಿಳಾಸ ಕೊಟ್ಟು, "ಹೊರಗೆ ಹೋಗಬೇಕಾದ್ದನ್ನೆಲ್ಲ 192.168.1.1ಕ್ಕೆ ಕಳಿಸು" ಎಂದು ಹೇಳುತ್ತದೆ. ಹೊಸ ರೂಟರ್ ನೋಡಿದರೆ 192.168.1.1 ಅಂದರೆ ತಾನೇ! 192.168.1 ಸಾಲು ತನ್ನ ಮುಂಭಾಗಿಲಲ್ಲೂ ಇದೆ, ಒಳಗೂ ಇದೆ, ಹೊರಗೆ ಹೋಗುವ ದಾರಿ ತನ್ನ ಕಡೆಗೇ ಬೆರಳು ಮಾಡುತ್ತಿದೆ. ಹಾಗಾಗಿ ನೆಟ್ ಪೂರ್ತಿ ನಿಲ್ಲುತ್ತದೆ. ಕೆಲವು ರೂಟರ್‌ಗಳು ಇದನ್ನು ತಾವೇ ಪತ್ತೆ ಹಚ್ಚಿ ಒಳಗಿನ ಸಾಲನ್ನು ಬದಲಿಸಿಕೊಳ್ಳುತ್ತವೆ, ಕೆಲವು ಪರದೆಯ ಮೇಲೆ ಎಚ್ಚರಿಕೆ ಕೊಡುತ್ತವೆ, ಉಳಿದವು ಸುಮ್ಮನೆ ಕೆಂಪು ದೀಪ ಹಚ್ಚಿಕೊಂಡು ಕೂರುತ್ತವೆ.

ಕೇಬಲ್ ಉಳಿದ ಕಿಂಡಿಗಳಲ್ಲಿ, ಅಂದರೆ `LAN` ಕಿಂಡಿಯಲ್ಲಿದ್ದರೆ ಕಾಟ ಇನ್ನೂ ಹೆಚ್ಚು, ಏಕೆಂದರೆ ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಈಗ ಎರಡೂ ಡಬ್ಬಿಗಳು ಒಂದೇ ತಂತಿಯ ಮೇಲೆ ಸಮಾನವಾಗಿ ಕೂತಿವೆ. ಲ್ಯಾಪ್‌ಟಾಪ್ "192.168.1.1 ಯಾರು?" ಎಂದು ಕೂಗಿದರೆ ಇಬ್ಬರೂ "ನಾನು" ಅನ್ನುತ್ತಾರೆ. ಫೈಬರ್ ಡಬ್ಬಿಯ ಉತ್ತರ ನಿಂತರೆ ನೆಟ್ ಇದೆ, ಹೊಸ ರೂಟರ್‌ನ ಉತ್ತರ ನಿಂತರೆ ಇಲ್ಲ. ಜೊತೆಗೆ ಎರಡೂ ಡಿಎಚ್‌ಸಿಪಿ ನಡೆಸುತ್ತಿರುತ್ತವೆ, ಅಂದರೆ ಬಂದ ಮೊಬೈಲ್‌ಗಳಿಗೆಲ್ಲ ವಿಳಾಸ ಹಂಚುವ ಕೆಲಸ ಇಬ್ಬರೂ ಮಾಡುತ್ತಿರುತ್ತಾರೆ. ಒಬ್ಬರು ಕೊಟ್ಟ ನಂಬರ್ ಇನ್ನೊಬ್ಬರ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ಟಿವಿಗೂ ಮೊಬೈಲ್‌ಗೂ ಒಂದೇ ವಿಳಾಸ ಬಿದ್ದು, ಒಂದು ಬಂದರೆ ಇನ್ನೊಂದು ಹೋಗುವುದೂ ಉಂಟು.

ಖಚಿತ ಮಾಡಿಕೊಳ್ಳುವುದು

ಊಹೆ ಬೇಡ, ಎರಡು ನಿಮಿಷದ ಕೆಲಸ. ವಿಂಡೋಸ್ ಲ್ಯಾಪ್‌ಟಾಪ್ ಅನ್ನು ಕೇಬಲ್‌ನಿಂದ ಒಂದು ರೂಟರ್‌ಗೆ ಮಾತ್ರ ಜೋಡಿಸಿ, ಎರಡು ರೂಟರ್‌ಗಳ ನಡುವಿನ ಕೇಬಲ್ ತೆಗೆದು, ಕಮಾಂಡ್ ಕಿಟಕಿಯಲ್ಲಿ ಹೀಗೆ ಕೇಳಿ:

```
ipconfig
arp -a
```

ಮೊದಲನೆಯದರಲ್ಲಿ `Default Gateway` ಮತ್ತು `Subnet Mask` ಸಾಲುಗಳನ್ನು ಬರೆದಿಟ್ಟುಕೊಳ್ಳಿ. ಗೇಟ್‌ವೇ ಅಂದರೆ ಹೊರಗೆ ಹೋಗುವ ದಾರಿ. ಎರಡನೆಯದರಲ್ಲಿ ಆ ಗೇಟ್‌ವೇ ವಿಳಾಸದ ಎದುರು ಆರು ಜೋಡಿ ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ, ಅಂದರೆ ಆ ಡಬ್ಬಿಯ ಸ್ವಂತ ಗುರುತು, ಇರುತ್ತದೆ. ಅದನ್ನೂ ಬರೆದುಕೊಳ್ಳಿ. ಇನ್ನೊಂದು ರೂಟರ್‌ಗೂ ಇದೇ ಮಾಡಿ. ಗೇಟ್‌ವೇ ಒಂದೇ, ಮ್ಯಾಕ್ ಬೇರೆ ಬೇರೆ ಅಂತ ಬಂದರೆ ರೋಗ ಇದೇ.

LAN ಕಿಂಡಿಯ ಡಿಕ್ಕಿಗೆ ಇನ್ನೊಂದು ಗುರುತಿದೆ. ಎರಡನ್ನೂ ಜೋಡಿಸಿಟ್ಟು, ನೆಟ್ ಇದ್ದಾಗ ಒಮ್ಮೆ, ಹೋದಾಗ ಒಮ್ಮೆ `arp -a` ಕೊಡಿ. 192.168.1.1ರ ಎದುರಿನ ಮ್ಯಾಕ್ ಬದಲಾಗಿರುತ್ತದೆ. ಬ್ರೌಸರ್‌ನಲ್ಲಿ 192.168.1.1 ತೆರೆದಾಗ ಒಮ್ಮೆ ಒಂದು ಕಂಪನಿಯ ಲಾಗಿನ್ ಪುಟ, ಇನ್ನೊಮ್ಮೆ ಮತ್ತೊಂದು ಕಂಪನಿಯದು ಬಂದರೆ ಅದೂ ಇದೇ ಗುರುತು.

ಒಂದು ತಪ್ಪು ತಿಳಿವಳಿಕೆ ಮಾತ್ರ ಇಲ್ಲೇ ಬಿಡಿಸಿಕೊಳ್ಳಿ. ಒಂದು 192.168.0.1, ಇನ್ನೊಂದು 192.168.1.1 ಇದ್ದು, ಎರಡರ ಮಾಸ್ಕ್ 255.255.255.0 ಆಗಿದ್ದರೆ ಡಿಕ್ಕಿ ಇಲ್ಲ. ಆ ಮಾಸ್ಕ್ ಹೇಳುವುದು "ಮೊದಲ ಮೂರು ಅಂಕಿ ಸಾಲಿನ ಹೆಸರು" ಎಂದು, ಮೂರನೆಯ ಅಂಕಿ ಬೇರೆಯಾದರೆ ಸಾಲೇ ಬೇರೆ. ಆದರೆ ಯಾರೋ ಮಾಸ್ಕ್ ಅನ್ನು 255.255.0.0 ಮಾಡಿಟ್ಟಿದ್ದರೆ 192.168ರಿಂದ ಶುರುವಾಗುವ ಅಷ್ಟೂ ಒಂದೇ ಸಾಲಾಗಿಬಿಡುತ್ತದೆ. ಆಗ 192.168.50.1 ಅಂತ ಬದಲಿಸಿದರೂ ಡಿಕ್ಕಿ ಹಾಗೇ ಇರುತ್ತದೆ. ವಿಳಾಸ ಬದಲಿಸಿದೆ, ಆದರೂ ಸರಿಹೋಗಲಿಲ್ಲ ಎನ್ನುವವರಿಗೆ ನಾನು ಮೊದಲು ಕೇಳುವುದೇ ಮಾಸ್ಕ್ ಎಷ್ಟಿದೆ ಎಂದು.

ಮೊದಲ ದಾರಿ: ಎರಡನೆಯ ರೂಟರ್‌ನ ಸಾಲು ಬದಲಿಸುವುದು

ಕೇಬಲ್ WAN ಕಿಂಡಿಯಲ್ಲೇ ಇರಲಿ. ಹೊಸ ರೂಟರ್‌ನ ಪುಟಕ್ಕೆ ಹೋಗಿ, `LAN` ಸೆಟ್ಟಿಂಗ್‌ನಲ್ಲಿ ಐಪಿಯನ್ನು 192.168.50.1 ಮಾಡಿ, ಮಾಸ್ಕ್ 255.255.255.0 ಬಿಡಿ, ಸೇವ್ ಮಾಡಿ. ಹಂಚುವ ವಿಳಾಸಗಳ ಪಟ್ಟಿ ತಾನಾಗಿ 192.168.50ಕ್ಕೆ ಬದಲಾಗಿದೆಯೇ ನೋಡಿ, ಆಗಿರದಿದ್ದರೆ ನೀವೇ 192.168.50.100 ಇಂದ 192.168.50.199 ಅಂತ ತುಂಬಿ. ಸೇವ್ ಆದ ತಕ್ಷಣ ಪುಟ ನಿಂತುಹೋಗುತ್ತದೆ. ಹೆದರಬೇಡಿ, ರೂಟರ್ ಹೊಸ ವಿಳಾಸಕ್ಕೆ ಹೋಗಿದೆ, ನಿಮ್ಮ ಲ್ಯಾಪ್‌ಟಾಪ್ ಇನ್ನೂ ಹಳೆಯ ಸಾಲಿನಲ್ಲಿದೆ. ವೈಫೈ ಬಿಟ್ಟು ಮತ್ತೆ ಸೇರಿಸಿ, ಅಥವಾ ಹೀಗೆ ಮಾಡಿ:

```
ipconfig /release
ipconfig /renew
```

ಆಮೇಲೆ 192.168.50.1 ತೆರೆಯಿರಿ. ಹತ್ತು ನಿಮಿಷದಲ್ಲಿ ಮುಗಿಯುವ, ಮೂರರಲ್ಲಿ ಅತಿ ಸುಲಭದ ದಾರಿ ಇದು. ಫೈಬರ್ ಡಬ್ಬಿಯ ಪಾಸ್‌ವರ್ಡ್ ಕೂಡ ಬೇಡ.

ಆದರೆ ಈಗ ಮನೆಯಲ್ಲಿ ಎರಡು ನೆಟ್‌ವರ್ಕ್‌ಗಳಿವೆ, ಒಂದರೊಳಗೆ ಒಂದು. ಒಳಗಿನವರು (ಮಹಡಿ) ಹೊರಗಿನವರನ್ನು (ಕೆಳಗೆ) ವಿಳಾಸ ಹಾಕಿ ತಲುಪಬಹುದು. ಕೆಳಗಿನವರು ಮಹಡಿಯವರನ್ನು ತಲುಪಲಾರರು. ಹೆಸರಿನಿಂದ ಹುಡುಕಿಕೊಳ್ಳುವ ಸಂಗತಿಗಳು, ಅಂದರೆ ಮೊಬೈಲ್‌ನಿಂದ ಟಿವಿಗೆ ವಿಡಿಯೊ ಕಳಿಸುವುದು, ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣುವುದು, ಈ ಗಡಿ ದಾಟುವುದಿಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲು ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನಿಂದ ಬಂದ ಕೋರಿಕೆಯನ್ನು ಒಳಗಿನ ಒಂದು ಸಾಧನಕ್ಕೆ ದಾಟಿಸುವ ಸೆಟ್ಟಿಂಗ್, ಬೇಕಿದ್ದರೆ ಎರಡೂ ಡಬ್ಬಿಯಲ್ಲಿ ಮಾಡಬೇಕು. ಬರೀ ಯೂಟ್ಯೂಬ್, ವಾಟ್ಸಾಪ್, ಮೀಟಿಂಗ್‌ಗಳಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಈ ಗಡಿಯೇ ಬೇಕಾದ ಮನೆಗಳೂ ಇವೆ. ಫೈಬರ್ ಡಬ್ಬಿಯ ವೈಫೈ ಅನ್ನು ಬಾಡಿಗೆಯವರಿಗೋ ಅಂಗಡಿಗೆ ಬರುವವರಿಗೋ ಕೊಟ್ಟು, ನಿಮ್ಮ ಕಂಪ್ಯೂಟರ್‌ಗಳನ್ನು ಒಳಗಿನ ರೂಟರ್‌ನಲ್ಲಿ ಇಟ್ಟುಕೊಂಡರೆ ಅವರಿಗೆ ನಿಮ್ಮವು ಕಾಣುವುದಿಲ್ಲ. ಅದನ್ನು ತಿರುಗಿಸಿ ಮಾತ್ರ ಮಾಡಬೇಡಿ. ಬಾಡಿಗೆಯವರನ್ನು ಒಳಗಿನ ರೂಟರ್‌ನಲ್ಲಿ ಹಾಕಿದರೆ ಅವರಿಂದ ಹೊರಗಿನ ನಿಮ್ಮ ಪ್ರಿಂಟರ್, ಕ್ಯಾಮೆರಾ, ಫೈಬರ್ ಡಬ್ಬಿಯ ಲಾಗಿನ್ ಪುಟ ಎಲ್ಲಕ್ಕೂ ದಾರಿ ತೆರೆದಿರುತ್ತದೆ. ಎರಡು ರೂಟರ್ ಇದ್ದ ಮೇಲೆ ಎರಡೂ ಕಡೆಯಿಂದ ಗೋಡೆ ಇದೆ ಎಂದುಕೊಂಡವರು ಬಹಳ ಜನ, ಗೋಡೆ ಇರುವುದು ಒಂದು ಕಡೆಯಿಂದ ಮಾತ್ರ.

ಎರಡನೆಯ ದಾರಿ: ಎರಡನೆಯ ರೂಟರ್ ಅನ್ನು ಬರೀ ವೈಫೈ ಡಬ್ಬಿಯಾಗಿಸುವುದು

ಚಿಕ್ಕಪ್ಪನ ಮನೆಗೆ ನಾನು ಆರಿಸಿದ್ದು ಇದನ್ನು. ಪ್ರಿಂಟರ್ ಕೆಳಗೆ, ಟಿವಿ ಕೆಳಗೆ, ಅವುಗಳನ್ನು ಬಳಸುವವಳು ಮೇಲೆ. ಬಾಡಿಗೆಯವರು ಇಲ್ಲ. ಇಂಥ ಮನೆಗೆ ನಡುವೆ ಗಡಿ ಬೇಕಿಲ್ಲ, ಒಂದೇ ನೆಟ್‌ವರ್ಕ್ ಸಾಕು. ಸಾಧಾರಣ ಮನೆಗಳಿಗೆಲ್ಲ ನನ್ನ ಮೊದಲ ಸಲಹೆ ಇದೇ.

ರೂಟರ್‌ನ ಪುಟದಲ್ಲಿ `Access Point Mode` ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಆಗ ಅದು ವಿಳಾಸ ಹಂಚುವುದನ್ನು ನಿಲ್ಲಿಸಿ, ತನಗೊಂದು ವಿಳಾಸವನ್ನು ಸಾಮಾನ್ಯವಾಗಿ ಕೆಳಗಿನ ಡಬ್ಬಿಯಿಂದಲೇ ಪಡೆಯುತ್ತದೆ. ಆ ಹೊಸ ವಿಳಾಸ ಯಾವುದು ಎಂದು ಫೈಬರ್ ಡಬ್ಬಿಯ ಪುಟದಲ್ಲಿ, ಜೋಡಿಸಿದ ಸಾಧನಗಳ ಪಟ್ಟಿಯಲ್ಲಿ ಮ್ಯಾಕ್ ನೋಡಿ ಹುಡುಕಬೇಕು.

ನಮ್ಮ ತಂಗಿ ತಂದ ಮಾಡೆಲ್‌ನಲ್ಲಿ ಆ ಆಯ್ಕೆ ಇರಲಿಲ್ಲ. ಕೈಯಾರೆ ಮಾಡಬೇಕಾಯಿತು, ಇದರಲ್ಲಿ ಕ್ರಮವೇ ಮುಖ್ಯ. ಮೊದಲು ಫೈಬರ್ ಡಬ್ಬಿಯ ಪುಟ ತೆರೆದು ಅದು ಯಾವ ಯಾವ ವಿಳಾಸ ಹಂಚುತ್ತಿದೆ ನೋಡಿದೆವು. 192.168.1.2 ಇಂದ 192.168.1.254 ಅಂತಿತ್ತು, ಅಂದರೆ ಬಿಡುವಾದ ಒಂದು ನಂಬರೂ ಇಲ್ಲ. ಅದನ್ನು 192.168.1.100 ಇಂದ 192.168.1.200ಕ್ಕೆ ಇಳಿಸಿದೆವು. ಇದನ್ನು ಬಿಟ್ಟರೆ ನೀವು ಹೊಸ ರೂಟರ್‌ಗೆ ಕೊಟ್ಟ 192.168.1.2 ಅನ್ನೇ ಎಂದಾದರೊಂದು ದಿನ ಅದು ಯಾರದೋ ಮೊಬೈಲ್‌ಗೂ ಕೊಡಬಹುದು.

ಆಮೇಲೆ ಹೊಸ ರೂಟರ್ ಅನ್ನು ಕೆಳಗಿನಿಂದ ಬಂದ ಕೇಬಲ್ ತೆಗೆದಿಟ್ಟು, ಲ್ಯಾಪ್‌ಟಾಪ್ ಒಂದಕ್ಕೇ ಜೋಡಿಸಿ, ಮೊದಲು ವೈಫೈ ಹೆಸರು-ಪಾಸ್‌ವರ್ಡ್ ಕೆಳಗಿನದ್ದನ್ನೇ ಹಾಕಿದೆವು. ಹಾಗೆ ಮಾಡಿದರೆ ಮೆಟ್ಟಿಲು ಹತ್ತುವಾಗ ಮೊಬೈಲ್ ಹೆಸರು ಬದಲಿಸಬೇಕಿಲ್ಲ. ಚಾನೆಲ್ ಮಾತ್ರ ಕೆಳಗೆ 1, ಮೇಲೆ 6. ನಂತರ `DHCP Server` ಅನ್ನು `Disable` ಮಾಡಿದೆವು. ಕಡೆಗೆ ಅದರ LAN ಐಪಿಯನ್ನು 192.168.1.2 ಮಾಡಿ ಸೇವ್ ಕೊಟ್ಟೆವು. ಕೆಲವು ರೂಟರ್‌ಗಳು ಡಿಎಚ್‌ಸಿಪಿ ನಿಂತ ತಕ್ಷಣವೇ ಪುಟದಿಂದ ಹೊರಹಾಕುತ್ತವೆ. ಹಾಗಾದರೆ ಲ್ಯಾಪ್‌ಟಾಪ್‌ಗೆ ತಾತ್ಕಾಲಿಕವಾಗಿ 192.168.1.10 ಅಂತ ಕೈಯಾರೆ ವಿಳಾಸ ಹಾಕಿ ಉಳಿದದ್ದನ್ನು ಮುಗಿಸಬೇಕು, ಮುಗಿದ ಮೇಲೆ ಅದನ್ನು ತೆಗೆಯಲು ಮರೆಯಬಾರದು. ಇಷ್ಟಾದ ಮೇಲೆಯೇ ಕೆಳಗಿನಿಂದ ಬಂದ ಕೇಬಲ್ ಅನ್ನು ಹೊಸ ರೂಟರ್‌ನ LAN ಕಿಂಡಿಗೆ ಹಾಕಿದ್ದು. WAN ಕಿಂಡಿ ಖಾಲಿ. "ಇಷ್ಟು ದುಡ್ಡು ಕೊಟ್ಟು ತಂದಿದ್ದು, ಮುಖ್ಯ ಕಿಂಡೀನೇ ಖಾಲಿ ಬಿಟ್ಯಲ್ಲೋ" ಅಂದರು ಚಿಕ್ಕಪ್ಪ. ಮಹಡಿಯಿಂದ ಕೆಳಗಿನ ಪ್ರಿಂಟರ್‌ಗೆ ಒಂದು ಪುಟ ಕೊಟ್ಟು ತೋರಿಸಿದೆ.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಎರಡನೆಯ ರೂಟರ್‌ನ ಮಕ್ಕಳ ಸಮಯಮಿತಿ, ವೇಗ ಹಂಚುವ ಸೆಟ್ಟಿಂಗ್ ಮುಂತಾದವು ಬಹುಪಾಲು ಮಾಡೆಲ್‌ಗಳಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ದಾರಿ ತೋರಿಸುವ ಕೆಲಸವನ್ನು ಅದು ಬಿಟ್ಟಿದೆ. ಅದರ `Guest Network` ಕೂಡ ಕೈಯಾರೆ ಮಾಡಿದ ಈ ಜೋಡಣೆಯಲ್ಲಿ ಅತಿಥಿಗಳನ್ನು ನಿಜವಾಗಿ ಬೇರೆ ಇಡುತ್ತದೆ ಎಂದು ನಂಬಬೇಡಿ. ಅದಕ್ಕೆ ಸೇರಿಕೊಂಡು 192.168.1.1 ತೆರೆದು ನೋಡಿ, ಲಾಗಿನ್ ಪುಟ ಬಂದರೆ ಬೇರೆ ಇಟ್ಟಿಲ್ಲ.

ಮೂರನೆಯ ದಾರಿ: ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮಾಡುವುದು

ಇಲ್ಲಿ ತಿರುಗುಮುರುಗು. ಫೈಬರ್ ಡಬ್ಬಿ ರೂಟರ್ ಕೆಲಸ ಬಿಟ್ಟು ಬರೀ ಬೆಳಕನ್ನು ಕೇಬಲ್‌ಗೆ ಇಳಿಸುವ ಕೆಲಸ ಮಾಡುತ್ತದೆ, ನಿಮ್ಮ ರೂಟರ್ ನೇರ ಇಂಟರ್‌ನೆಟ್‌ಗೆ ಸೇರುತ್ತದೆ. ದುಬಾರಿ ರೂಟರ್ ತಂದು ಅದರ ಎಲ್ಲ ಸವಲತ್ತೂ ಬೇಕು ಎನ್ನುವವರಿಗೆ ಸರಿಯಾದ ದಾರಿ. ಆದರೆ ಸಂಪರ್ಕ ಕೊಟ್ಟವರ ಸಹಕಾರ ಬೇಕು. `PPPoE` ಇರುವ ಕಡೆ ಅದರ ಬಳಕೆದಾರ ಹೆಸರು, ಪಾಸ್‌ವರ್ಡ್, ಕೆಲವು ಕಡೆ `VLAN ID` ಎಂಬ ಒಂದು ಅಂಕಿ, ಇಷ್ಟನ್ನೂ ಬರೆಸಿಕೊಳ್ಳದೆ ಬ್ರಿಡ್ಜ್ ಒತ್ತಿದರೆ ಮನೆಯ ನೆಟ್ ಪೂರ್ತಿ ಹೋಗುತ್ತದೆ. ಅದೇ ಡಬ್ಬಿಯಿಂದ ಲ್ಯಾಂಡ್‌ಲೈನ್ ಫೋನ್ ನಡೆಯುತ್ತಿದ್ದರೆ ಬ್ರಿಡ್ಜ್ ಆದ ಮೇಲೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಡಬ್ಬಿಯ ವೈಫೈ ಬಳಸುತ್ತಿದ್ದ ಕೋಣೆಗೆ ಬೇರೆ ಏರ್ಪಾಡು ಆಗಬೇಕಾದೀತು.

ಕ್ಯಾಮೆರಾಕ್ಕೆ ಹೊರಗಿನಿಂದ ದಾರಿ ಬೇಕು ಎಂಬ ಒಂದೇ ಕಾರಣಕ್ಕೆ ಬ್ರಿಡ್ಜ್ ಮಾಡಿಸುವ ಮುಂಚೆ ಫೈಬರ್ ಡಬ್ಬಿಯ ಸ್ಟೇಟಸ್ ಪುಟದಲ್ಲಿ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಒಂದು ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಆಗ ಬ್ರಿಡ್ಜ್ ಮಾಡಿದರೂ ಪೋರ್ಟ್ ಫಾರ್ವರ್ಡ್ ನಡೆಯುವುದಿಲ್ಲ, ಸ್ವಂತ ಹೊರವಿಳಾಸವನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ಬ್ರಿಡ್ಜ್ ಆದ ಮೇಲೆ ಡಿಕ್ಕಿ ನೆಟ್‌ಗೆ ಅಡ್ಡ ಬರುವುದಿಲ್ಲ. ಆದರೂ ನಿಮ್ಮ ರೂಟರ್ 192.168.1.1 ಆಗಿಯೇ ಇದ್ದರೆ, ಅದೇ ವಿಳಾಸದಲ್ಲಿ ಕೂತ ಫೈಬರ್ ಡಬ್ಬಿಯ ಪುಟ ನಿಮಗೆ ಸಿಗುವುದಿಲ್ಲ. ಬೆಳಕಿನ ಮಟ್ಟ ನೋಡಬೇಕಾದ ದಿನ ಲ್ಯಾಪ್‌ಟಾಪ್ ಒಯ್ದು ನೇರ ಕೇಬಲ್ ಚುಚ್ಚಬೇಕಾಗುತ್ತದೆ.

ಯಾವ ಅಂಕಿ ಆರಿಸಬೇಕು

ಚಿಕ್ಕಪ್ಪನ ಮನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ವಾರದ ಮೇಲೆ ಮತ್ತೆ ಫೋನ್. ತಂಗಿ ಕೆಲಸ ಮಾಡುವುದು ಒಂದು ಸಣ್ಣ ಆಡಿಟರ್ ಕಚೇರಿಗೆ. ದೂರದಿಂದಲೇ ಕಚೇರಿಯ ನೆಟ್‌ವರ್ಕ್‌ನೊಳಗೆ ಕರೆದೊಯ್ಯುವ ಅಲ್ಲಿನ ವಿಪಿಎನ್‌ಗೆ ಸೇರಿ, 192.168.1.20ರಲ್ಲಿರುವ ಟ್ಯಾಲಿ ಕಂಪ್ಯೂಟರ್ ತೆರೆಯಬೇಕು. ವಿಪಿಎನ್ ಸೇರಿದೆ ಅನ್ನುತ್ತದೆ, ಟ್ಯಾಲಿ ಮಾತ್ರ ಸಿಗುತ್ತಿಲ್ಲ. ಅಷ್ಟು ದಿನ ಅವಳು ಕಚೇರಿ ಕೆಲಸಕ್ಕೆ ಮೊಬೈಲ್ ಹಾಟ್‌ಸ್ಪಾಟ್ ಬಳಸುತ್ತಿದ್ದಳಂತೆ, ಹಾಗಾಗಿ ಗೊತ್ತಾಗಿರಲಿಲ್ಲ.

ಕಚೇರಿಯ ರೂಟರ್ ಕೂಡ 192.168.1.1! ಮನೆಯ ಲ್ಯಾಪ್‌ಟಾಪ್‌ಗೆ 192.168.1.20 ಅಂದರೆ ಇದೇ ಮನೆಯೊಳಗಿನ ಯಾರೋ. ಅದು ಮನೆಯಲ್ಲೇ ಕೂಗುತ್ತದೆ, ಯಾರೂ ಉತ್ತರಿಸುವುದಿಲ್ಲ, ವಿಪಿಎನ್‌ಗೆ ಮಾತು ಹೋಗುವುದೇ ಇಲ್ಲ. ಮೊದಲೇ ನಾನು ಕಚೇರಿಯ ಸಾಲು ಯಾವುದೆಂದು ಕೇಳಬೇಕಿತ್ತು. ಎರಡನೆಯ ದಾರಿ ಮನೆಯನ್ನು ಒಂದು ಮಾಡುತ್ತದೆ, ಆದರೆ ಮನೆಯ ಸಾಲನ್ನು ಫೈಬರ್ ಡಬ್ಬಿ ಇಟ್ಟ ಹಾಗೇ ಬಿಡುತ್ತದೆ. ಮೊದಲ ದಾರಿ ಹಿಡಿದಿದ್ದರೂ ಪೂರ್ತಿ ನಿಶ್ಚಿಂತೆ ಇರುತ್ತಿರಲಿಲ್ಲ: ಮಹಡಿಯಿಂದ ಟ್ಯಾಲಿ ಸಿಗುತ್ತಿತ್ತು, ಲ್ಯಾಪ್‌ಟಾಪ್ ಹಿಡಿದು ಹಾಲ್‌ಗೆ ಇಳಿದು ಕೆಳಗಿನ ವೈಫೈ ಸೇರಿದರೆ ಇಲ್ಲ.

ಹಾಗಾಗಿ ಇಡೀ ಮನೆಯನ್ನೇ 192.168.77ಕ್ಕೆ ಸಾಗಿಸಿದೆವು. ಇದಕ್ಕೂ ಒಂದು ಕ್ರಮ ಇದೆ. ಮೊದಲು ಮಹಡಿಯ ರೂಟರ್‌ನ ಐಪಿಯನ್ನು 192.168.1.2 ಇಂದ 192.168.77.2 ಮಾಡಬೇಕು. ಅದರ ಪುಟ ಆ ಕ್ಷಣ ಸಿಗದಂತಾಗುತ್ತದೆ, ಆದರೆ ಅದರ ವೈಫೈ ಮೂಲಕ ನೆಟ್ ಹರಿಯುತ್ತಲೇ ಇರುತ್ತದೆ. ನಂತರ ಫೈಬರ್ ಡಬ್ಬಿಯನ್ನು 192.168.77.1 ಮಾಡಿ, ಹಂಚುವ ಪಟ್ಟಿಯನ್ನು 192.168.77.100 ಇಂದ 192.168.77.200 ಮಾಡಬೇಕು. ಎಲ್ಲ ಸಾಧನಗಳೂ ವೈಫೈ ಬಿಟ್ಟು ಸೇರಿದ ಮೇಲೆ ಎರಡೂ ಪುಟಗಳು ಹೊಸ ವಿಳಾಸದಲ್ಲಿ ಸಿಗುತ್ತವೆ. ಫೈಬರ್ ಡಬ್ಬಿಯನ್ನು ಮೊದಲು ಬದಲಿಸಿದರೆ ಮಹಡಿಯ ರೂಟರ್ ಹಳೆಯ ಸಾಲಿನಲ್ಲಿ ಒಂಟಿಯಾಗಿ ಉಳಿಯುತ್ತದೆ, ಅದನ್ನು ತಲುಪಲು ಲ್ಯಾಪ್‌ಟಾಪ್‌ಗೆ ಮತ್ತೆ ಕೈಯಾರೆ ವಿಳಾಸ ಹಾಕುವ ಕೆಲಸ.

77ಕ್ಕೆ ವಿಶೇಷವೇನೂ ಇಲ್ಲ. 0, 1, 2 ಮತ್ತು 100 ಬಿಟ್ಟು, ಬೇರೆಯವರು ಸುಲಭಕ್ಕೆ ಆರಿಸದ ಅಂಕಿ ಆದರೆ ಸಾಕು. 10ರಿಂದ ಶುರುವಾಗುವ ಸಾಲುಗಳನ್ನು ನಾನು ಮನೆಗೆ ಹಾಕುವುದಿಲ್ಲ, ದೊಡ್ಡ ಕಂಪನಿಗಳ ಒಳ ನೆಟ್‌ವರ್ಕ್‌ಗಳು ಹೆಚ್ಚಾಗಿ ಅದರಲ್ಲೇ ಇರುತ್ತವೆ. ಕೆಲವು ಫೈಬರ್ ಡಬ್ಬಿಗಳಲ್ಲಿ LAN ಸಾಲು ಬದಲಿಸಲು ಬಿಡುವುದಿಲ್ಲ, ಆ ಪುಟವನ್ನೇ ಬಚ್ಚಿಟ್ಟಿರುತ್ತಾರೆ. ಅಂಥ ಮನೆಯಲ್ಲಿ ವಿಪಿಎನ್ ಬೇಕಾದವರು ಮೊದಲ ದಾರಿಗೇ ಹೋಗಿ, ಡಬ್ಬಿಯ ವೈಫೈ ನಿಲ್ಲಿಸಿ, ಎಲ್ಲರನ್ನೂ ಒಳಗಿನ ರೂಟರ್‌ಗೆ ತರಬೇಕು. ಪ್ರಿಂಟರ್, ಟಿವಿ ಸಹಿತ ಎಲ್ಲವೂ ಒಳಗೆ ಬಂದರೆ ಆ ಗಡಿಯಿಂದ ತೊಂದರೆ ಇರುವುದಿಲ್ಲ.

ಸಾಲು ಬದಲಿಸಿದ ಸಂಜೆ ಟ್ಯಾಲಿ ತೆರೆಯಿತು, ಪ್ರಿಂಟರ್ ನಿಂತಿತು. ಹಿಂದೆ ಯಾರೋ ಅದಕ್ಕೆ ಕೈಯಾರೆ 192.168.1.50 ಹಾಕಿಟ್ಟಿದ್ದರು. ಅದರ ಪುಟ್ಟ ಪರದೆಯಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಹುಡುಕಿ 192.168.77.50 ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಹಳೆಯ ಪ್ರಿಂಟರ್ ತೆಗೆದು ಹೊಸದಾಗಿ ಸೇರಿಸಿದೆವು. ಚಿಕ್ಕಪ್ಪ ಅಷ್ಟರಲ್ಲಿ ಎರಡೂ ಡಬ್ಬಿಯ ತಳದ ಚೀಟಿಯ ಪಕ್ಕ ಬಿಳಿ ಟೇಪ್ ಅಂಟಿಸಿ, ಒಂದರ ಮೇಲೆ 192.168.77.1, ಇನ್ನೊಂದರ ಮೇಲೆ 192.168.77.2 ಎಂದು ಮಾರ್ಕರ್‌ನಲ್ಲಿ ಬರೆದಿದ್ದರು.